300 ತಾಂಬೂಲ ಚೀಲಕ್ಕೆ ಎಷ್ಟು ಮೀಟರ್ ಬಟ್ಟೆ?

ಉತ್ತರ 47.2 ಮೀಟರ್. ಹೋದ ಡಿಸೆಂಬರ್ ರಜೆಯಲ್ಲಿ ನಾನು ಲ್ಯಾಪ್‌ಟಾಪ್ ತೆಗೆದು, ಎಲ್ಲರ ಮುಂದೆ ಲೆಕ್ಕ ಹಾಕಿ, 40 ಮೀಟರ್ ಸಾಕು ಅಂತ ಹೇಳಿದ್ದೆ. ಆ ಏಳು ಮೀಟರ್ ಎಲ್ಲಿ ಹೋಯ್ತು ಅನ್ನೋದೇ ಈ ಲೇಖನ.

ಹಾಸನದಲ್ಲಿ ನಮ್ಮ ಚಿಕ್ಕಮ್ಮನ ಮನೆಯ ಮುಂದಿನ ರೂಮಿನಲ್ಲಿ ನಾಲ್ಕು ಹೊಲಿಗೆ ಮೆಷಿನ್, ಒಂದು ಓವರ್‌ಲಾಕ್ ಮೆಷಿನ್ ಇದೆ. ಬ್ಲೌಸು, ಸ್ಕೂಲ್ ಯೂನಿಫಾರ್ಮು, ಮದುವೆ ಸೀಸನ್ ಬಂದ್ರೆ ತಾಂಬೂಲ ಚೀಲ. ಊಟ ಮುಗಿಸಿ ಹೊರಡುವಾಗ ತೆಂಗಿನಕಾಯಿ, ಎಲೆ ಅಡಿಕೆ ಹಾಕಿ ಕೊಡ್ತಾರಲ್ಲ, ಅದೇ ಬಟ್ಟೆ ಚೀಲ. ಅವತ್ತು ಬಂದಿದ್ದು 300 ಚೀಲದ ಆರ್ಡರ್. 9 ಇಂಚು ಅಗಲ, 10 ಇಂಚು ಎತ್ತರ, ಅರಿಶಿನ ಬಣ್ಣದ ಕಾಟನ್, ಒಂದು ಮುಖದ ಮೇಲೆ ವಧು-ವರರ ಹೆಸರಿನ ಸ್ಕ್ರೀನ್ ಪ್ರಿಂಟ್, ಎರಡು ಟೇಪಿನ ಹಿಡಿ.

ಚಿಕ್ಕಮ್ಮ ಯಾವಾಗಲೂ ಅಂದಾಜಿನ ಮೇಲೆ ಬಟ್ಟೆ ತರೋರು. "ಮೆಕ್ಯಾನಿಕಲ್ ಓದ್ತಿದ್ದೀಯಲ್ಲ, ನೀನೇ ಹೇಳು ಕಣೋ" ಅಂದ್ರು. ನಾನು ಮಾಡಿದ್ದು ನೀವು ಯಾರೇ ಆಗಿದ್ರೂ ಮೊದಲು ಮಾಡ್ತಿದ್ದ ಲೆಕ್ಕ. ಚೀಲದ ಕೆಳಗೆ ಹೊಲಿಗೆ ಇಲ್ಲ. ಒಂದೇ ಉದ್ದ ತುಂಡನ್ನು ಮಧ್ಯಕ್ಕೆ ಮಡಚಿ ಎರಡು ಪಕ್ಕ ಹೊಲಿಯೋದು. ಅಗಲಕ್ಕೆ 9 ಇಂಚು, ಜೊತೆಗೆ ಎರಡು ಪಕ್ಕದ ಹೊಲಿಗೆಗೆ ಅರ್ಧರ್ಧ ಇಂಚು, ಒಟ್ಟು 10. ಉದ್ದಕ್ಕೆ ಒಂದು ಮುಖ 10 ಇಂಚು, ಬಾಯಿ ಹತ್ತಿರ ಮಡಚಿ ಹೊಲಿಯೋಕೆ ಒಂದೂವರೆ ಇಂಚು, ಅಂಥ ಎರಡು ಮುಖ, ಒಟ್ಟು 23. ಅಂದ್ರೆ ಒಂದು ಚೀಲಕ್ಕೆ 10 × 23 ಇಂಚಿನ ತುಂಡು, 230 ಚದರ ಇಂಚು. 300ರಿಂದ ಗುಣಿಸಿ, ಬಟ್ಟೆಯ ಪನ್ನ 44 ಇಂಚಿನಿಂದ ಭಾಗಿಸಿದೆ. 1568 ಇಂಚು ಬಂತು, 39.8 ಮೀಟರ್. 40 ತಂದ್ರಾಯ್ತು.

ಬಟ್ಟೆ ಬಂತು, ಕಟಿಂಗ್ ಶುರುವಾಯ್ತು. ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಮುಗೀತು, ತುಂಡು ಎಣಿಸಿದ್ರೆ 268. ಅಂಗಡಿಗೆ ಓಡಿದ್ರೆ ಆ ಥಾನು ಖಾಲಿ. ಅದೇ ಮಿಲ್ಲು, ಅದೇ ಬಣ್ಣ, ಆದ್ರೆ ಬೇರೆ ಲಾಟು. ಟ್ಯೂಬ್‌ಲೈಟ್ ಬೆಳಕಲ್ಲಿ ಒಂದೇ ಥರ ಕಾಣ್ತಿತ್ತು, ಬಿಸಿಲಿಗೆ ಹಿಡಿದಾಗ ಸ್ವಲ್ಪ ಕಿತ್ತಳೆ ಕಡೆಗೆ. ಬೇರೆ ದಾರಿ ಇರಲಿಲ್ಲ, ಇನ್ನೂ 8 ಮೀಟರ್ ಅದನ್ನೇ ತಂದ್ವಿ. ಕೊನೆಗೆ 259 ಚೀಲ ಒಂದು ಬಣ್ಣ, 41 ಚೀಲ ಇನ್ನೊಂದು ಬಣ್ಣ. ಆರ್ಡರ್ ಕೊಟ್ಟವರು ಜಗಳ ಮಾಡಲಿಲ್ಲ, ಆದ್ರೆ ಆ 41 ಚೀಲಕ್ಕೆ ಅರ್ಧ ದುಡ್ಡು ಮಾತ್ರ ಕೊಟ್ರು. ಚಿಕ್ಕಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ರಜೆ ಮುಗಿಯೋ ಮುಂಚೆ ಅದೇ ಆರ್ಡರನ್ನು ಮತ್ತೆ ಮೊದಲಿನಿಂದ ಲೆಕ್ಕ ಹಾಕಿದೆ. ಈ ಸಲ ಲ್ಯಾಪ್‌ಟಾಪ್ ಮುಚ್ಚಿಟ್ಟು, ಕಟಿಂಗ್ ಟೇಬಲ್ ಪಕ್ಕ ನಿಂತು.

ಬಟ್ಟೆ ನೀರಲ್ಲ

ನನ್ನ ಮೊದಲ ತಪ್ಪು ಬಟ್ಟೆಯನ್ನು ನೀರಿನ ಹಾಗೆ ಅಳೆದಿದ್ದು. ನೀರಾದ್ರೆ ಒಟ್ಟು ಎಷ್ಟು ಬೇಕೋ ಅಷ್ಟು ತಂದ್ರೆ ಮುಗೀತು. ಬಟ್ಟೆ ತುಂಡುತುಂಡಾಗಿ ಬರುತ್ತೆ. ಪನ್ನದ ಅಡ್ಡಕ್ಕೆ ಪೂರ್ತಿ ತುಂಡುಗಳು ಎಷ್ಟು ಕೂರುತ್ತೆ ಅನ್ನೋದೇ ಮುಖ್ಯ.

ಅಂಗಡಿಯವರು 44 ಪನ್ನ ಅಂತಾರೆ. ಎರಡೂ ಕಡೆ ಅಂಚು ಗಟ್ಟಿಯಾಗಿ ನೇಯ್ದಿರುತ್ತೆ, ಅದರಲ್ಲಿ ಸಣ್ಣ ತೂತುಗಳೂ ಇರ್ತವೆ. ಅದನ್ನು ಬಿಟ್ಟರೆ ಕೈಗೆ ಸಿಗೋದು 43 ಇಂಚು. 10 ಇಂಚಿನ ತುಂಡು ಅಡ್ಡಕ್ಕೆ ನಾಲ್ಕು ಕೂರುತ್ತೆ, 3 ಇಂಚಿನ ಪಟ್ಟಿ ಉಳಿಯುತ್ತೆ. ಆ ಪಟ್ಟಿ ಎಷ್ಟೇ ಉದ್ದ ಇದ್ರೂ ಅದರಲ್ಲಿ ಒಂದು ಚೀಲವೂ ಬರಲ್ಲ. ನನ್ನ ಚದರ ಇಂಚಿನ ಲೆಕ್ಕ ಈ ಪಟ್ಟಿಯನ್ನೂ ಚೀಲ ಅಂತಲೇ ಎಣಿಸಿತ್ತು.

ಇನ್ನೂ ಒಂದು ನಷ್ಟ ಇದೆ. ಚಿಕ್ಕಮ್ಮನ ಟೇಬಲ್ 8 ಅಡಿ, ಅಂದ್ರೆ 96 ಇಂಚು. ಬಟ್ಟೆಯನ್ನು ಅದರ ಮೇಲೆ ಪದರ ಪದರವಾಗಿ ಹಾಸಿ, ಮೇಲಿನ ಪದರಕ್ಕೆ ಗುರುತು ಹಾಕಿ, ಒಟ್ಟಿಗೆ ಕತ್ತರಿಸ್ತಾರೆ. ಒಂದು ಪದರದಲ್ಲಿ 23 ಇಂಚಿನ ನಾಲ್ಕು ಸಾಲು, 92 ಇಂಚು. ಪದರದ ಎರಡು ತುದಿಯಲ್ಲಿ ಒಂದೊಂದು ಇಂಚು ಹೆಚ್ಚು ಬಿಡಲೇಬೇಕು, ಇಲ್ಲ ಅಂದ್ರೆ ಕೆಳಗಿನ ಪದರದ ತುಂಡು ಗಿಡ್ಡ ಆಗುತ್ತೆ. ಹಾಗಾಗಿ ಪದರಕ್ಕೆ 94 ಇಂಚು, ಅದರಲ್ಲಿ 16 ಚೀಲ. ನಾನು ತಂದ 40 ಮೀಟರನ್ನು 94 ಇಂಚಿನ ಪದರ ಮಾಡಿ ನೋಡಿ. 16 ಪದರ ಪೂರ್ತಿ, ಮೇಲೆ ಮೂರು ಸಾಲಿಗೆ ಆಗೋವಷ್ಟು. 256 ಮತ್ತು 12, ಸರಿಯಾಗಿ 268. ಯಾರೂ ಬಟ್ಟೆ ಹಾಳು ಮಾಡಿರಲಿಲ್ಲ. 40 ಮೀಟರಲ್ಲಿ ಬರೋದೇ ಅಷ್ಟು.

ಈ ಅಡ್ಡಕ್ಕೆ ಎಷ್ಟು ಅನ್ನೋ ಲೆಕ್ಕದಲ್ಲಿ ಒಂದು ತಮಾಷೆ ಇದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಗಿರಾಕಿ ಬಂದು "ಅಗಲ ಒಂದೇ ಒಂದು ಇಂಚು ಜಾಸ್ತಿ ಮಾಡಿ, 10 ಇಂಚು ಇರಲಿ" ಅಂದ್ರೆ ಏನಾಗುತ್ತೆ? ತುಂಡಿನ ಅಗಲ 11 ಆಯ್ತು. 43ರಲ್ಲಿ 11 ಮೂರು ಸಲ ಮಾತ್ರ ಹೋಗುತ್ತೆ. ನಾಲ್ಕು ಬರ್ತಿದ್ದ ಕಡೆ ಮೂರು. ಚೀಲ ದೊಡ್ಡದಾಗಿದ್ದು ಒಂಬತ್ತರಲ್ಲಿ ಒಂದು ಪಾಲು, ಬಟ್ಟೆ ಜಾಸ್ತಿಯಾಗಿದ್ದು ಮೂರರಲ್ಲಿ ಒಂದು ಪಾಲು. 47.2 ಮೀಟರಿನ ಜಾಗದಲ್ಲಿ 62.7 ಮೀಟರ್ ಬೇಕು. ನಾವು ಮೀಟರಿಗೆ 90 ರೂಪಾಯಿ ಕೊಟ್ಟಿದ್ವಿ, ಅಂದ್ರೆ ಆ ಒಂದು ಇಂಚಿನ ಬೆಲೆ ಸುಮಾರು 1400 ರೂಪಾಯಿ. ಇದನ್ನು ಗಿರಾಕಿ ಹತ್ತಿರ ರೇಟ್ ಮಾತಾಡುವಾಗಲೇ ಗೊತ್ತಿರಬೇಕು, ಕತ್ತರಿ ಹಿಡಿದ ಮೇಲಲ್ಲ.

ಇದೇ ಲೆಕ್ಕ ಉಲ್ಟಾ ಕೂಡ ಕೆಲಸ ಮಾಡುತ್ತೆ. 43ನ್ನು ನಾಲ್ಕು ಭಾಗ ಮಾಡಿದ್ರೆ 10.75. ಅಂದ್ರೆ ತುಂಡಿನ ಅಗಲ ಹತ್ತೂಮುಕ್ಕಾಲು ಇಂಚಿನವರೆಗೂ ಬಟ್ಟೆ ಒಂದು ನೂಲೂ ಜಾಸ್ತಿ ಬೇಡ. ಪೂರ್ತಿ ಅಂಚಿಗೆ ಹೋದ್ರೆ ಕೈಕತ್ತರಿಗೆ ಕಷ್ಟ, ಪನ್ನ ಎಲ್ಲಾದ್ರೂ ಕಾಲು ಇಂಚು ಕಮ್ಮಿ ಬಂದ್ರೂ ಮುಗೀತು. ಆದ್ರೆ ಹತ್ತೂವರೆ ಆರಾಮಾಗಿ ಆಗುತ್ತೆ. 9 ಇಂಚಿನ ಬದಲು ಒಂಬತ್ತೂವರೆ ಇಂಚಿನ ಚೀಲವನ್ನು ಅಷ್ಟೇ ಬಟ್ಟೆಯಲ್ಲಿ ಕೊಡಬಹುದಿತ್ತು, ನಾವು ಆ ಅರ್ಧ ಇಂಚನ್ನು ಚಿಂದಿ ಮಾಡಿ ಬಿಸಾಕಿದ್ವಿ.

(ಒಂದು ಎಚ್ಚರಿಕೆ. ಬಟ್ಟೆ ಪ್ಲೇನ್ ಆಗಿದ್ರೆ ಮಾತ್ರ ಮಧ್ಯಕ್ಕೆ ಮಡಚೋ ಈ ಉಪಾಯ ನಡೆಯುತ್ತೆ. ಆನೆ, ನವಿಲಿನ ಡಿಸೈನ್ ಇದ್ರೆ ಒಂದು ಮುಖದಲ್ಲಿ ಆನೆ ತಲೆಕೆಳಗಾಗಿ ನಿಂತಿರುತ್ತೆ. ಆಗ ಎರಡು ತುಂಡು ಕತ್ತರಿಸಿ ಕೆಳಗೂ ಹೊಲಿಯಬೇಕು, ಉದ್ದ 23 ಅಲ್ಲ, 24.)

300 ಅನ್ನೋದು ಒಂದು ಸಂಖ್ಯೆ ಅಲ್ಲ

ಎರಡನೇ ತಪ್ಪು ಇನ್ನೂ ಸೂಕ್ಷ್ಮ. ಗಿರಾಕಿಗೆ 300 ಬೇಕು ಅಂದ್ರೆ ನಾನು ಎಲ್ಲ ಸಾಮಾನನ್ನೂ 300ರಿಂದಲೇ ಗುಣಿಸಿದ್ದೆ. ಆದ್ರೆ ಪ್ರಿಂಟ್ ಮಾಡುವಾಗ ಕೆಲವು ತುಂಡಲ್ಲಿ ಬಣ್ಣ ಹರಡುತ್ತೆ. ಹೊಲಿಯುವಾಗ ಕೆಲವು ಸೊಟ್ಟ ಆಗುತ್ತೆ, ಎಣ್ಣೆ ಕಲೆ ಆಗುತ್ತೆ. ಆ ಮೊದಲ 268ರಲ್ಲಿ ಪ್ರಿಂಟಲ್ಲಿ 5 ಹೋಯ್ತು, ಹೊಲಿಗೆಯಲ್ಲಿ 4 ಹೋಯ್ತು. ಎರಡೂ ಕಡೆ ನೂರಕ್ಕೆ ಹೆಚ್ಚುಕಮ್ಮಿ ಎರಡು.

ಇದನ್ನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕ್ಕೊಂಡು ಬರಬೇಕು. ಕೊನೆಗೆ 300 ಒಳ್ಳೆ ಚೀಲ ಬೇಕು. ಹೊಲಿಗೆಯಲ್ಲಿ ನೂರಕ್ಕೆ 98 ಉಳಿಯುತ್ತೆ, ಹಾಗಾದ್ರೆ ಹೊಲಿಗೆಗೆ ಕೊಡಬೇಕಾದ್ದು 300 ÷ 0.98, ಅಂದ್ರೆ 307. ಪ್ರಿಂಟಿನಿಂದ 307 ಒಳ್ಳೇದು ವಾಪಸ್ ಬರಬೇಕಾದ್ರೆ ಕಳಿಸಬೇಕಾದ್ದು 307 ÷ 0.98, ಅಂದ್ರೆ 314. ಸಾಲಿಗೆ ನಾಲ್ಕರಂತೆ 314ಕ್ಕೆ 79 ಸಾಲು ಬೇಕು, ಕತ್ತರಿಸಿದಾಗ 316 ಬರುತ್ತೆ.

ಈಗ ಒಂದೊಂದು ಸಾಮಾನನ್ನೂ ಅದು ಯಾವ ಹಂತದಲ್ಲಿ ಸೇರುತ್ತೋ ಆ ಹಂತದ ಸಂಖ್ಯೆಯಿಂದ ಗುಣಿಸಬೇಕು. ಬಟ್ಟೆ 316ಕ್ಕೆ. ಟೇಪು ಮತ್ತು ದಾರ 307ಕ್ಕೆ, ಯಾಕಂದ್ರೆ ಪ್ರಿಂಟಲ್ಲಿ ಹಾಳಾದ ತುಂಡಿಗೆ ಯಾರೂ ಹಿಡಿ ಹೊಲಿಯಲ್ಲ. 25ರ ಕಟ್ಟು ಹಾಕೋ ಪ್ಲಾಸ್ಟಿಕ್ ಕವರ್ 300ಕ್ಕೆ, ಅಂದ್ರೆ ಹನ್ನೆರಡು. ಆರ್ಡರ್ ಒಂದೇ, ಸಂಖ್ಯೆ ಮೂರು.

ಹೆಚ್ಚುವರಿ ತುಂಡುಗಳನ್ನು ಪ್ರಿಂಟಿಗೆ ಮುಂಚೆಯೇ ಸೇರಿಸಬೇಕು ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಹೆಸರಿನ ಸ್ಕ್ರೀನ್ ಆ ಮದುವೆಗೆ ಮಾತ್ರ. ಕೆಲಸ ಮುಗಿದ ಮೇಲೆ ಪ್ರಿಂಟಿನವರು ತೊಳೆದು ಬೇರೆ ಕೆಲಸಕ್ಕೆ ತಗೋತಾರೆ. ಆಮೇಲೆ ಹೋಗಿ "ಅಣ್ಣ, ಇನ್ನೊಂದು ಆರು ತುಂಡು" ಅಂದ್ರೆ ಹೊಸ ಸ್ಕ್ರೀನಿನ ದುಡ್ಡೇ ಕೊಡಬೇಕು.

ಇಲ್ಲಿ ಗುಣಿಸೋದಾ ಭಾಗಿಸೋದಾ ಅಂತ ಕೇಳಬಹುದು. 300ಕ್ಕೆ ನೂರಕ್ಕೆ ಎರಡು ಸೇರಿಸಿದ್ರೆ 306, ಭಾಗಿಸಿದ್ರೆ 307. ಒಂದೇ ಒಂದು ಚೀಲದ ವ್ಯತ್ಯಾಸ, ನಿಜ. ಟೈಲರಿಂಗಲ್ಲಿ ನಷ್ಟ ಕಮ್ಮಿ, ಅದಕ್ಕೇ ಗೊತ್ತಾಗಲ್ಲ. ಅಡುಗೆ ಕೆಲಸದಲ್ಲಿ ಇದು ಕೈ ಕಚ್ಚುತ್ತೆ. ಸಿಪ್ಪೆ, ಬೀಜ ಎಲ್ಲ ತೆಗೆದ ಮೇಲೆ ಅರ್ಧ ತೂಕ ಹೋಗೋ ತರಕಾರಿ ಅಂತಿಟ್ಕೊಳ್ಳಿ. ಹೆಚ್ಚಿದ ತರಕಾರಿ 10 ಕೆಜಿ ಬೇಕು. "ಅರ್ಧ ಹೋಗುತ್ತೆ, ಅರ್ಧ ಸೇರಿಸೋಣ" ಅಂತ 15 ಕೆಜಿ ತಂದ್ರೆ ಕೈಗೆ ಸಿಗೋದು ಏಳೂವರೆ. ತರಬೇಕಾಗಿದ್ದು 20.

ಕಂಪನಿಗಳಲ್ಲಿ ಇದೇ ಕೆಲಸಕ್ಕೆ ಬಿಲ್ ಆಫ್ ಮೆಟೀರಿಯಲ್ಸ್, ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್ ಅಂತ ದೊಡ್ಡ ಹೆಸರುಗಳಿವೆ. ಜೋಸೆಫ್ ಆರ್ಲಿಕಿ ಅನ್ನೋರು 1975ರಲ್ಲೇ ಇದರ ಮೇಲೆ ಪುಸ್ತಕ ಬರೆದ್ರು. ಒಟ್ಟು ಬೇಕಾದ್ದರಲ್ಲಿ ಕೈಲಿರೋದನ್ನು ಕಳೆದು, ಉಳಿದಿದ್ದನ್ನು ಮಾತ್ರ ತರಿಸು ಅನ್ನೋದು ಅದರ ಬುಡ. ನಾಲ್ಕು ಮೆಷಿನ್ನಿನ ರೂಮಿಗೂ ಅಷ್ಟೇ ಸಾಕು.

ಟೇಪು: ಕಾಗದದ ಮೇಲೆ ಸರಿ

ಟೇಪಿನ ಲೆಕ್ಕ ನನಗೆ ತುಂಬ ಇಷ್ಟವಾಯ್ತು. ಒಂದು ಹಿಡಿಗೆ 16 ಇಂಚು, ಚೀಲಕ್ಕೆ ಎರಡು ಹಿಡಿ, 307 ಚೀಲಕ್ಕೆ 614 ಹಿಡಿ. ನಮಗೆ ಸಿಗೋ ಟೇಪು 50 ಮೀಟರಿನ ರೋಲು. ಒಂದು ರೋಲಲ್ಲಿ 16 ಇಂಚಿನ 123 ತುಂಡು ಬರುತ್ತೆ. ಐದು ರೋಲಿಗೆ 615.

ಬೇಕಾದ್ದು 614, ಸಿಗೋದು 615! ಸ್ಪ್ರೆಡ್‌ಶೀಟು "5 ರೋಲು" ಅಂತ ಖುಷಿಯಾಗಿ ಹೇಳುತ್ತೆ. ಚಿಕ್ಕಮ್ಮ ನೋಡಿ ನಕ್ಕರು. ರೋಲಿನ ಮಧ್ಯ ಎಲ್ಲಾದ್ರೂ ಗಂಟು ಹಾಕಿರ್ತಾರೆ, ಕೆಲವು ರೋಲು 50 ಮೀಟರ್ ಅಂತ ಬರೆದಿದ್ರೂ 49 ಇರುತ್ತೆ ಅಂದ್ರು. ಹಾಗಂತ ಆರನೇ ರೋಲು ತಂದ್ರೆ ಒಂದು ರೋಲು ಪೂರ್ತಿ ಉಳಿಯುತ್ತೆ, ಅದೇ ಬಣ್ಣ ಮತ್ತೆ ಯಾರು ಕೇಳ್ತಾರೋ ಗೊತ್ತಿಲ್ಲ.

ಆಗ ಕಪಾಟಲ್ಲಿ ಏನಿದೆ ಅಂತ ನೋಡಿದ್ವಿ. ಹಿಂದಿನ ಕೆಲಸದ್ದು ಅದೇ ಬಣ್ಣದ ಟೇಪು 12 ಮೀಟರ್ ಇತ್ತು. 12 ಮೀಟರ್ ಅಂದ್ರೆ 29 ಹಿಡಿ, ಭಯ ಹೋಯ್ತು. ಆದ್ರೆ ಇಲ್ಲೂ ಒಂದು ಗುಂಡಿ ಇದೆ. ಆ 12 ಮೀಟರ್ ಒಂದೇ ಉದ್ದಕ್ಕೆ ಇರಲಿಲ್ಲ. ಕೆಲವು ತುಂಡು ಒಂದು ಅಡಿ ಮಾತ್ರ, ಅದು ಹಿಡಿಗೆ ಬರಲ್ಲ. ಎಣಿಸಿದಾಗ 16 ಇಂಚಿಗಿಂತ ಉದ್ದ ಇರೋದರಿಂದ 21 ಹಿಡಿ ಸಿಕ್ತು. ಹಾಗಾಗಿ ಸ್ಟಾಕ್ ಕಾಲಮ್ಮಿನಲ್ಲಿ "12 ಮೀಟರ್" ಅಂತ ಬರೆಯಬಾರದು, "21 ಹಿಡಿ" ಅಂತ ಬರೀಬೇಕು. ಕೈಲಿರೋದನ್ನು ಅದು ಬಳಕೆಯಾಗೋ ರೂಪದಲ್ಲೇ ಎಣಿಸಿದ್ರೆ ಮಾತ್ರ ಕಳೆಯೋಕೆ ಅರ್ಥ ಇದೆ.

ಎಲ್ಲದಕ್ಕೂ ಹತ್ತು ಪರ್ಸೆಂಟ್ ಸೇರಿಸಿಬಿಟ್ರೆ ಈ ತಲೆನೋವೇ ಇಲ್ವಲ್ಲ ಅಂತ ನನ್ನ ರೂಮ್‌ಮೇಟ್ ಕೇಳಿದ. ಸೇರಿಸಿ ನೋಡೋಣ. ನನ್ನ ಹಳೇ ಲೆಕ್ಕದ 39.8 ಮೀಟರ್ ಬಟ್ಟೆಗೆ ಹತ್ತು ಪರ್ಸೆಂಟ್ ಸೇರಿಸಿದ್ರೆ 43.8, ಆಗಲೂ ಮೂರು ಮೀಟರಿಗಿಂತ ಹೆಚ್ಚು ಕಮ್ಮಿ. ಟೇಪಿಗೆ ಸೇರಿಸಿದ್ರೆ 268 ಮೀಟರ್, ಆರು ರೋಲು, ಒಂದು ದಂಡ. ಕಮ್ಮಿಯಾಗೋ ಕಡೆ ಸಾಲದು, ಸಾಕಾಗೋ ಕಡೆ ಹೆಚ್ಚು.

ದಾರ

ದಾರವನ್ನು ಯಾರೂ ಲೆಕ್ಕ ಹಾಕಲ್ಲ. ಒಂದು ಕೋನ್ ಇದೆಯಲ್ಲ ಅಂತ ಸುಮ್ಮನಾಗ್ತೀವಿ, ಭಾನುವಾರ ಸಂಜೆ ಅಂಗಡಿ ಮುಚ್ಚಿದ ಮೇಲೆ ಮುಗಿಯುತ್ತೆ. ನಮಗೂ ಹಾಗೇ ಆಗಿತ್ತು.

ಮಾಮೂಲಿ ಹೊಲಿಗೆಯಲ್ಲಿ ಮೇಲೊಂದು ದಾರ, ಕೆಳಗೆ ಬಾಬಿನ್ನಿನದು ಇನ್ನೊಂದು. ಒಂದು ಇಂಚು ಹೊಲಿಗೆಗೆ ಎರಡೂ ಸೇರಿ ಸುಮಾರು ಎರಡೂವರೆ ಇಂಚು ದಾರ ಹೋಗುತ್ತೆ, ತುದಿಯಲ್ಲಿ ಕತ್ತರಿಸೋದು ಸೇರಿ ಮೂರು ಅಂತ ಹಿಡೀರಿ. ಚೀಲದ ಎರಡು ಪಕ್ಕ, ಬಾಯಿ ಸುತ್ತ, ಹಿಡಿಯ ನಾಲ್ಕು ತುದಿ, ಒಟ್ಟು 60 ಇಂಚಿನಷ್ಟು ಹೊಲಿಗೆ. ಅಂದ್ರೆ 180 ಇಂಚು ದಾರ, ನಾಲ್ಕೂವರೆ ಮೀಟರ್.

ಈಗ ಓವರ್‌ಲಾಕ್. ಇದು ಎರಡು ಪಕ್ಕಕ್ಕೆ ಮಾತ್ರ, 23 ಇಂಚು. ಮೂರು ದಾರದ ಓವರ್‌ಲಾಕಲ್ಲಿ ಒಂದು ಇಂಚಿಗೆ ಸುಮಾರು 14 ಇಂಚು ದಾರ ಹೋಗುತ್ತೆ, ಯಾಕಂದ್ರೆ ಅಂಚನ್ನು ಸುತ್ತಿ ಸುತ್ತಿ ಹೊಲಿಯುತ್ತೆ. 23ನ್ನು 14ರಿಂದ ಗುಣಿಸಿದ್ರೆ 322 ಇಂಚು, ಎಂಟು ಮೀಟರಿಗೂ ಜಾಸ್ತಿ. ಕಣ್ಣಿಗೆ ಕಾಣೋ ಹೊಲಿಗೆಗಿಂತ ಒಳಗೆ ಯಾರೂ ನೋಡದ ಆ ಅಂಚಿಗೇ ಹೆಚ್ಚುಕಮ್ಮಿ ಎರಡು ಪಟ್ಟು ದಾರ.

307 ಚೀಲಕ್ಕೆ ಮಾಮೂಲಿ ಹೊಲಿಗೆಗೆ 1400 ಮೀಟರ್, ಓವರ್‌ಲಾಕಿಗೆ 2500 ಮೀಟರ್ ಚಿಲ್ಲರೆ. ನಮ್ಮ ಕೋನಿನ ಮೇಲೆ 5000 ಮೀಟರ್ ಅಂತ ಬರೆದಿತ್ತು, ಹಾಗಾದ್ರೆ ಎಲ್ಲಕ್ಕೂ ಒಂದೇ ಕೋನ್ ಸಾಕು ಅಂತ ಸ್ಪ್ರೆಡ್‌ಶೀಟು ಹೇಳುತ್ತೆ. ತಪ್ಪು. ಓವರ್‌ಲಾಕ್ ಮೆಷಿನ್ನಿನ ಮೇಲೆ ಒಂದೇ ಸಲಕ್ಕೆ ಮೂರು ಕೋನ್ ಕೂತಿರಬೇಕು. 10 ಚೀಲ ಇದ್ರೂ ಮೂರು, 300 ಇದ್ರೂ ಮೂರು. ಹೊಲಿಗೆ ಮೆಷಿನ್ನಿಗೆ ಇನ್ನೊಂದು. ಒಟ್ಟು ನಾಲ್ಕು ಕೋನ್, ಪೂರ್ತಿ ತುಂಬಿರಬೇಕು ಅಂತಿಲ್ಲ. ಅರ್ಧ ಖಾಲಿಯಾದ ಕೋನಲ್ಲಿ ಎಷ್ಟು ಉಳಿದಿದೆ ಅಂತ ತಿಳಿಯೋಕೆ ಅಡುಗೆಮನೆ ತಕ್ಕಡಿ ಸಾಕು. ಹೊಸ ಕೋನಿನ ತೂಕ, ಖಾಲಿ ಕೊಳವೆಯ ತೂಕ ಬರೆದಿಟ್ಕೊಂಡ್ರೆ, ಇವತ್ತಿನ ತೂಕದಿಂದ ಉಳಿದ ಮೀಟರ್ ಸಿಗುತ್ತೆ.

ಆರ್ಡರ್ ಸೈಜಿಗೆ ತಕ್ಕಂತೆ ಬೆಳೆಯದ ಇಂಥ ಸಾಮಾನು ಎಲ್ಲ ಕಡೆ ಇರುತ್ತೆ. ಚಕ್ಕುಲಿ ಮಾಡೋರನ್ನು ಕೇಳಿ. ಚಕ್ಕುಲಿ ಕುಡಿಯೋ ಎಣ್ಣೆ ಕೆಜಿ ಲೆಕ್ಕದಲ್ಲಿ ಹೆಚ್ಚುತ್ತೆ, ಆದ್ರೆ ಬಾಣಲೆಯಲ್ಲಿ ಚಕ್ಕುಲಿ ತೇಲೋಕೆ ಬೇಕಾದ ಎಣ್ಣೆ ಒಂದು ಕೆಜಿಗೂ ಅಷ್ಟೇ, ಹತ್ತು ಕೆಜಿಗೂ ಅಷ್ಟೇ. ಒಂದು ಕೆಜಿ ಮಾಡಿ ನೋಡಿ, ಆ ಎಣ್ಣೆಯನ್ನು ಹತ್ತರಿಂದ ಗುಣಿಸಿದ್ರೆ ಡಬ್ಬಗಟ್ಟಲೆ ಉಳಿಯುತ್ತೆ.

ಶೀಟು

ಇಷ್ಟೆಲ್ಲ ಆದ ಮೇಲೆ ಶೀಟು ಚಿಕ್ಕದೇ. ಮೇಲಿನ ಆರು ಸಾಲು ತುಂಬಿಸೋದು, ಕೆಳಗಿನದು ತಾನೇ ಬರುತ್ತೆ. B1ರಲ್ಲಿ ಆರ್ಡರ್ 300, B2ರಲ್ಲಿ ಹೊಲಿಗೆ ನಷ್ಟ 0.02, B3ರಲ್ಲಿ ಪ್ರಿಂಟ್ ನಷ್ಟ 0.02, B4ರಲ್ಲಿ ಬಳಸಬಹುದಾದ ಪನ್ನ 43, B5ರಲ್ಲಿ ತುಂಡಿನ ಅಗಲ 10, B6ರಲ್ಲಿ ತುಂಡಿನ ಉದ್ದ 23.

```
B7   =ROUNDUP(B1/(1-B2),0)
B8   =ROUNDUP(B7/(1-B3),0)
B9   =INT(B4/B5)
B10  =ROUNDUP(B8/B9,0)
B11  =B10*B6+ROUNDUP(B10/4,0)*2
B12  =ROUNDUP(B7*2/INT(50*39.37/16),0)
```

B7 ಹೊಲಿಗೆಗೆ ಹೋಗೋದು 307, B8 ಪ್ರಿಂಟಿಗೆ ಹೋಗೋದು 314, B9 ಅಡ್ಡಕ್ಕೆ 4, B10 ಸಾಲು 79. B11 ಬಟ್ಟೆಯ ಉದ್ದ ಇಂಚಲ್ಲಿ, 1857, ಅಂದ್ರೆ 47.2 ಮೀಟರ್. ಅದರಲ್ಲಿರೋ 4 ನಮ್ಮ ಟೇಬಲ್ಲಿನ ಪದರಕ್ಕೆ ನಾಲ್ಕು ಸಾಲು ಅನ್ನೋದು, ನಿಮ್ಮ ಟೇಬಲ್ ಬೇರೆ ಆದ್ರೆ ಅದೂ ಬೇರೆ. B12 ಟೇಪಿನ ರೋಲು, 5.

ಗಮನಿಸಬೇಕಾದ್ದು INT ಮತ್ತು ROUNDUP ಎಲ್ಲಿ ಕೂತಿವೆ ಅನ್ನೋದು. ತುಂಡು ಎಷ್ಟು ಕೂರುತ್ತೆ ಅನ್ನುವಾಗ ಯಾವಾಗಲೂ ಕೆಳಕ್ಕೆ, ಎಷ್ಟು ತರಬೇಕು ಅನ್ನುವಾಗ ಯಾವಾಗಲೂ ಮೇಲಕ್ಕೆ. INT ತೆಗೆದು B4/B5 ಅಂತಷ್ಟೇ ಬರೆದ್ರೆ ಅಡ್ಡಕ್ಕೆ 4.3 ಚೀಲ ಅಂತ ಬರುತ್ತೆ, ಮತ್ತೆ ನನ್ನ ಹಳೇ ತಪ್ಪಿಗೇ ವಾಪಸ್.

ಕೊನೆಗೆ ಅಂಗಡಿಗೆ ಹೋಗೋ ಚೀಟಿ ಹೀಗೆ:

- ಬಟ್ಟೆ: 47.2 ಮೀಟರ್ ಬೇಕು, ಕೈಲಿ ಇಲ್ಲ, 50 ಮೀಟರ್ ಒಂದೇ ಲಾಟಿನದು ತರೋದು
- ಟೇಪು: 614 ಹಿಡಿ ಬೇಕು, ಕೈಲಿ 21, 5 ರೋಲು ತರೋದು
- ದಾರ: 4 ಕೋನ್ ಬೇಕು, ಕೈಲಿ 2, ತೂಗಿ ನೋಡಿ 2 ತರೋದು
- ಕವರ್: 12 ಬೇಕು, ಕೈಲಿ ಇದೆ

ಬಟ್ಟೆಗೆ ಮಾತ್ರ ಸುಮಾರು ಮೂರು ಮೀಟರ್ ಹೆಚ್ಚು ಯಾಕೆ? ಥಾನಿನಲ್ಲಿ ನೂಲು ಬಿಟ್ಟ ಜಾಗ, ಕಲೆ, ಜೋಡಣೆ ಇರಬಹುದು, ಅದು ಬಿಚ್ಚಿ ಹಾಸೋ ತನಕ ಕಾಣಲ್ಲ. ಟೇಪು, ದಾರ ಕಮ್ಮಿಯಾದ್ರೆ ಮಾರನೇ ದಿನ ಅದೇ ಥರದ್ದು ಸಿಗುತ್ತೆ. ಬಟ್ಟೆ ಸಿಗಲ್ಲ. ಹಾಗಾಗಿ ಹೆಚ್ಚು ತರೋ ದುಡ್ಡೇನಾದ್ರೂ ಇದ್ರೆ ಅದು ಮತ್ತೆ ಸಿಗದೇ ಇರೋ ಸಾಮಾನಿಗೆ.

ಈ ಶೀಟು ನಂಬೋಕೆ ಮುಂಚೆ ಎರಡು ಕಡೆ ಕೈಯಾರೆ ಅಳೀಬೇಕು. ಪನ್ನವನ್ನು ಥಾನಿನ ಒಂದೇ ಕಡೆ ಅಲ್ಲ, ಬಿಚ್ಚಿ ಎರಡು ಮೂರು ಕಡೆ ಅಳೆದು ಅತಿ ಕಮ್ಮಿ ಬಂದಿದ್ದನ್ನು B4ರಲ್ಲಿ ಹಾಕಬೇಕು. ಇನ್ನೊಂದು, ಐದು ಪದರ ಹಾಸಿದ ಮೇಲೆ ನಿಲ್ಲಿಸಿ ನೋಡೋದು. ಲೆಕ್ಕದ ಪ್ರಕಾರ 470 ಇಂಚು, 12 ಮೀಟರಿಗೆ ಕೂದಲೆಳೆ ಕಮ್ಮಿ ಹೋಗಿರಬೇಕು. ಹನ್ನೆರಡೂವರೆ ಹೋಗಿದ್ರೆ ಹಾಸುವಾಗ ತುದಿ ಜಾಸ್ತಿ ಬಿಡ್ತಿದ್ದೀರಿ ಅಂತ ಅರ್ಥ, ಇಪ್ಪತ್ತು ಪದರಕ್ಕೆ ಅದು ಎರಡು ಮೀಟರ್ ದಾಟುತ್ತೆ. ಆಗಲೇ ಗೊತ್ತಾದ್ರೆ ಅಂಗಡಿಯಲ್ಲಿ ಆ ಲಾಟು ಇನ್ನೂ ಇರುತ್ತೆ.

ಒಗೆದು ಹೊಲಿಯೋ ಬಟ್ಟೆಗೆ ಈ ಶೀಟು ಹಾಗೇ ಬರಲ್ಲ. ಕಾಟನ್ ಒಗೆದ್ರೆ ಕುಗ್ಗುತ್ತೆ. ಆ ಬಟ್ಟೆಯ ಮೇಲೆ 50 ಸೆಂಟಿಮೀಟರಿನ ಚೌಕ ಬರೆದು, ಒಗೆದು ಒಣಗಿಸಿ ಮತ್ತೆ ಅಳೆದು, ಉದ್ದದಲ್ಲಿ ಎಷ್ಟು, ಅಗಲದಲ್ಲಿ ಎಷ್ಟು ಕಮ್ಮಿಯಾಯ್ತು ಅಂತ ಬೇರೆಬೇರೆ ಬರ್ಕೋಬೇಕು. ತಾಂಬೂಲ ಚೀಲವನ್ನು ಯಾರೂ ಒಗೆದು ಹೊಲಿಯಲ್ಲ, ಅಷ್ಟರ ಮಟ್ಟಿಗೆ ನಾವು ಬಚಾವು.

ಮೊನ್ನೆ ಇಂಟರ್ನಲ್ಸ್ ಮಧ್ಯೆ ಚಿಕ್ಕಮ್ಮ ಫೋನ್ ಮಾಡಿದ್ರು. 350 ಚೀಲದ ಆರ್ಡರ್ ಬಂದಿದೆ, ಗಿರಾಕಿ 10 ಇಂಚು ಅಗಲ ಕೇಳ್ತಿದ್ದಾರೆ ಅಂದ್ರು. ನಾನು ಶೀಟು ತೆಗೆಯೋ ಅಷ್ಟರಲ್ಲಿ ಅವರೇ ಹೇಳಿದ್ರು: "ನಲವತ್ಮೂರಕ್ಕೆ ಹನ್ನೊಂದು ಮೂರೇ ಸಲ ಹೋಗೋದು ಅಂತ ಹೇಳ್ಬಿಟ್ಟೆ. ಒಂಬತ್ತೂವರೆಗೆ ಒಪ್ಕೊಂಡ್ರು. ನೀನು ಮೀಟರ್ ಎಷ್ಟು ಅಂತ ಮಾತ್ರ ನೋಡಿ ಹೇಳು."

B1 ಮತ್ತು B5 ಬದಲಾಯಿಸಿ ನೋಡಿದೆ. 54.9 ಮೀಟರ್. 58 ತನ್ನಿ, ಒಂದೇ ಲಾಟಿನದು ಅಂದೆ.